ಪ್ಯಾಕೇಜ್ ಮದುವೆ ಮತ್ತು ಬಿಡಿ ಲೆಕ್ಕದ ಮದುವೆ: ಒಂದೇ ಮನೆಯ ಎರಡು ಖರ್ಚಿನ ಪುಸ್ತಕಗಳು

ನಮ್ಮ ಹಿರಿಯ ಮಗಳ ಮದುವೆಯನ್ನು ಮೈಸೂರಿನ ಒಂದು ಸಭಾಂಗಣದಲ್ಲಿ, ಊಟ, ಅಲಂಕಾರ, ವಾಲಗ ಎಲ್ಲವೂ ಸೇರಿದ ಪ್ಯಾಕೇಜ್ ಪಡೆದು ಮಾಡಿದೆವು. ಕಿರಿಯಳ ಮದುವೆ ದೇವಸ್ಥಾನದ ಕಲ್ಯಾಣ ಮಂಟಪದಲ್ಲಿ ನಡೆಯಿತು. ಅಲ್ಲಿ ದಿನಸಿ ನಮ್ಮದು, ಅಡುಗೆ ಭಟ್ಟರಿಗೆ ಕೂಲಿ ಮಾತ್ರ. ಎರಡಕ್ಕೂ ಲೆಕ್ಕ ಬರೆದವನು ನಾನೇ ಆದ್ದರಿಂದ, ಸಾಲ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಹೇಳಬಲ್ಲೆ.

ಪ್ಯಾಕೇಜಿನಲ್ಲಿ ಕಣ್ಣಿಗೆ ಬೀಳುವುದು ಎಲೆಯೊಂದರ ದರ. ಜೇಬಿಗೆ ಬೀಳುವುದು ಕನಿಷ್ಠ ಎಲೆಗಳ ಷರತ್ತು. ಹಿಂದಿನ ಸಂಜೆಯ ಆರತಕ್ಷತೆಗೆ 500 ರೂಪಾಯಿಯಂತೆ 600 ಎಲೆ, ಮುಹೂರ್ತದ ಊಟಕ್ಕೆ 450 ರೂಪಾಯಿಯಂತೆ 800 ಎಲೆ ಎಂದು ಬರೆದುಕೊಟ್ಟಿದ್ದೆವು. ಒಟ್ಟು 6.6 ಲಕ್ಷ. ಅದರ ಮೇಲೆ ಶೇ 18ರ ಜಿಎಸ್‌ಟಿ ಸೇರಿದಾಗ ಸುಮಾರು 1.19 ಲಕ್ಷ ಹೆಚ್ಚಾಯಿತು. ಜನರೇಟರ್ ಡೀಸೆಲ್ ಮತ್ತು ಸ್ವಚ್ಛತೆಯ ಹಣ ಬೇರೆ. ಎರಡೂ ಹೊತ್ತು ಸೇರಿ ಇನ್ನೂರಕ್ಕೂ ಹೆಚ್ಚು ಎಲೆಗಳು ಖಾಲಿ ಉಳಿದವು, ಆದರೆ ಬರೆದುಕೊಟ್ಟ ಸಂಖ್ಯೆಗಿಂತ ಒಂದು ಎಲೆಯ ಹಣವೂ ಕಡಿಮೆಯಾಗಲಿಲ್ಲ. ಇದರಲ್ಲಿ ನೆಮ್ಮದಿಯೂ ಇತ್ತೆಂದು ಒಪ್ಪಬೇಕು: ಆ ಎರಡು ದಿನ ಮನೆಯವರು ಯಾರೂ ಉಗ್ರಾಣದ ಬಾಗಿಲು ಕಾಯಲಿಲ್ಲ.

ಕಿರಿಯಳ ಮದುವೆಗೆ ಲೆಕ್ಕವನ್ನು ತಿರುಗಿಸಿ ಹಾಕಿದೆವು. ಮೊದಲು ಜನರನ್ನು ಎಣಿಸಿ ಆಮೇಲೆ ಹಣ ಹುಡುಕುವ ಬದಲು, ಊಟಕ್ಕೆಂದು ಕೈಯಲ್ಲಿದ್ದ 1.25 ಲಕ್ಷವನ್ನು ಎದುರಿಗಿಟ್ಟುಕೊಂಡೆವು. ಭಟ್ಟರ ಸಾಮಾನಿನ ಪಟ್ಟಿಗೆ ಸಗಟು ಅಂಗಡಿಯ ದರ ಹಾಕಿ, ತರಕಾರಿ, ಹಾಲು, ಗ್ಯಾಸ್, ಬಡಿಸುವವರ ಕೂಲಿ ಕೂಡಿಸಿದಾಗ ತಲೆಗೆ ಸುಮಾರು 250 ರೂಪಾಯಿ ಬಂತು. ಅಂದರೆ 500 ಎಲೆ. ಆ ಸಂಖ್ಯೆಯೇ ಆಮಂತ್ರಣದ ಮಿತಿಯಾಯಿತು. ಭಟ್ಟರ ಪಟ್ಟಿ ಸಾಮಾನ್ಯವಾಗಿ ಸ್ವಲ್ಪ ಧಾರಾಳವಾಗಿಯೇ ಇರುತ್ತದೆ, ಏಕೆಂದರೆ ಊಟ ಸಾಲದೆ ಹೋದರೆ ಹೆಸರು ಕೆಡುವುದು ಅವರದು. ಆದ್ದರಿಂದ ಒಡೆಯದ ಅಕ್ಕಿ ಮೂಟೆ, ಎಣ್ಣೆ ಡಬ್ಬ, ಬೇಳೆ ಚೀಲಗಳನ್ನು ವಾಪಸು ತೆಗೆದುಕೊಳ್ಳುವಂತೆ ಅಂಗಡಿಯವರೊಂದಿಗೆ ಮೊದಲೇ ಮಾತಾಡಿಕೊಂಡೆವು. ಈ ದಾರಿಗೆ ನಂಬಿಕಸ್ಥರಾದ ಇಬ್ಬರು ಮದುವೆಯ ಸಂಭ್ರಮ ಬಿಟ್ಟು ಉಗ್ರಾಣದಲ್ಲೇ ಕೂರಬೇಕು. ಅಂಥವರಿಲ್ಲದ ಮನೆಗೆ ನಾನಿದನ್ನು ಹೇಳುವುದಿಲ್ಲ.

ಒತ್ತಡ ಬಂದದ್ದು ಆರತಕ್ಷತೆಯ ವಿಷಯದಲ್ಲಿ. "ದೊಡ್ಡವಳಿಗೆ ಮಾಡಿ ಚಿಕ್ಕವಳಿಗೆ ಬಿಟ್ಟರೆ ನಾಲ್ಕು ಜನ ಏನೆಂದಾರು ಭಾವ?" ಎಂದು ನನ್ನ ನಾದಿನಿ ಕೇಳಿದಳು. ನೆಂಟರಿಗೆ ಉತ್ತರಿಸುವ ಮೊದಲು ಬೀಗರೊಂದಿಗೆ ಮಾತಾಡುವುದು ಒಳ್ಳೆಯದೆಂದು ತೋರಿ, ನಿಶ್ಚಿತಾರ್ಥಕ್ಕೂ ಮುನ್ನವೇ, "ಬೀಗರೇ, ಎರಡೂ ಕಡೆಗೆ ಇನ್ನೂರೈವತ್ತು ಇನ್ನೂರೈವತ್ತು ಎಲೆ, ಮುಹೂರ್ತ ಮುಗಿದ ಕೂಡಲೇ ಅದೇ ಮಂಟಪದಲ್ಲಿ ಆರತಕ್ಷತೆ, ಇದಕ್ಕಿಂತ ಹೆಚ್ಚಿಗೆ ನನ್ನಿಂದ ಆಗದು" ಎಂದು ಹೇಳಿ, ಅವರ ಎದುರೇ ಬರೆದಿಟ್ಟೆ. ಅವರೂ ಮಗಳ ಮದುವೆ ಮಾಡಿದವರು, ಒಪ್ಪಿದರು. ಆಮೇಲೆ ಕೇಳಿದವರಿಗೆಲ್ಲ "ಎರಡೂ ಮನೆಯವರು ಸೇರಿ ತೀರ್ಮಾನಿಸಿದ್ದು" ಎಂಬ ಒಂದೇ ಮಾತು ಸಾಕಾಯಿತು.

ಇವೆರಡಕ್ಕಿಂತಲೂ ಅಗ್ಗದ ದಾರಿಗಳಿವೆ. ಧರ್ಮಸ್ಥಳದಲ್ಲಿ 1972ರಿಂದ ಉಚಿತ ಸಾಮೂಹಿಕ ವಿವಾಹ ನಡೆಯುತ್ತಿದೆ. ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯವೂ ಇದೆ. ಅವನ್ನು ನಾನು ನಡೆಸಿ ನೋಡಿಲ್ಲವಾದ್ದರಿಂದ ಈ ಹೋಲಿಕೆಗೆ ಸೇರಿಸುವುದಿಲ್ಲ.

ಇನ್ನು ಸಾಲದ ಮಾತು. ಹಿರಿಯಳ ಮದುವೆಗೆ ಬ್ಯಾಂಕಿನಿಂದ ಶೇ 14ರ ಬಡ್ಡಿಗೆ 5 ಲಕ್ಷ ಪಡೆದಿದ್ದೆವು. ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 11,600 ರೂಪಾಯಿ. ಒಟ್ಟು ಕಟ್ಟುವುದು 7 ಲಕ್ಷದ ಹತ್ತಿರ. ಅದೇ ಹಣವನ್ನು ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಕೈಸಾಲವಾಗಿ ತಂದಿದ್ದರೆ, ತಿಂಗಳಿಗೆ 10,000 ರೂಪಾಯಿ ಕಟ್ಟುತ್ತಲೇ ಇದ್ದರೂ ಅಸಲು ಒಂದು ರೂಪಾಯಿಯೂ ಕರಗುತ್ತಿರಲಿಲ್ಲ. ತಿಂಗಳ ಮೊತ್ತ ಕಡಿಮೆ ಕಾಣುವುದರಿಂದಲೇ ಜನ ಎರಡನೆಯದಕ್ಕೆ ಒಲಿಯುತ್ತಾರೆ.

"ಮುಯ್ಯಿ ಬರುತ್ತದಲ್ಲ, ಅದರಲ್ಲಿ ತೀರಿಸಿದರಾಯಿತು" ಎಂಬ ಸಲಹೆ ಎರಡೂ ಸಲ ಬಂತು. ಹಿರಿಯಳ ಮದುವೆಯಲ್ಲಿ ಬಂದ ಮುಯ್ಯಿ ಸುಮಾರು 1.8 ಲಕ್ಷ. ಯಾರು ಎಷ್ಟು ಕೊಟ್ಟರೆಂಬುದನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ, ಏಕೆಂದರೆ ಅವರ ಮನೆಯ ಮದುವೆ, ಗೃಹಪ್ರವೇಶಗಳಲ್ಲಿ ಅಷ್ಟನ್ನಾದರೂ ಹಿಂದಿರುಗಿಸಬೇಕು. ಹೀಗಾಗಿ ಕಿರಿಯಳ ಮದುವೆಯ ಲೆಕ್ಕದಲ್ಲಿ ಮುಯ್ಯಿಯನ್ನು ಆದಾಯದ ಸಾಲಿಗೆ ಸೇರಿಸಲೇ ಇಲ್ಲ. ಬಂದದ್ದನ್ನು ಬೇರೆ ಖಾತೆಯಲ್ಲಿಟ್ಟು, ನೆಂಟರ ಮನೆಗಳ ಶುಭಕಾರ್ಯಕ್ಕೆ ಅದರಿಂದಲೇ ತೆಗೆದು ಕೊಡುತ್ತಿದ್ದೇವೆ.