ಗಾಜು, ಪೆಟ್ ಜಾರ್, ಪೌಚ್: ಅಪ್ಪೆಮಿಡಿಗೆ ಯಾವುದು ಸರಿ?

ಸಾಗರದಲ್ಲಿ ನಮ್ಮದು ದಿನಸಿ ಅಂಗಡಿ. ಭರಣಿಯಿಂದ ಮಿಡಿ ಉಪ್ಪಿನಕಾಯಿ ತೆಗೆದು ತೂಗಿ ಕೊಡುತ್ತಲೇ ನನಗೆ ಐವತ್ತು ದಾಟಿತು. ಆನ್‌ಲೈನ್‌ನಲ್ಲಿ ಮಾರೋಣ ಎಂದವನು ಬೆಂಗಳೂರಿನಲ್ಲಿರುವ ಅಕ್ಕನ ಮಗ. "ಮಾವ, ರುಚಿ ಬಗ್ಗೆ ಯಾರೂ ಕೇಳಲ್ಲ. ಸೋರದೆ ಬಂತಾ ಅಂತಷ್ಟೇ ನೋಡ್ತಾರೆ" ಎಂದ. ಹಾಗಾಗಿ ಮೂರು ಬಗೆಯಲ್ಲೂ ಅರ್ಧರ್ಧ ಕಿಲೋ ತುಂಬಿ ಅವನ ಮನೆಗೇ ಕಳಿಸಿ ನೋಡಿದೆ.

ನನಗೆ ಮೊದಲಿಂದ ಇಷ್ಟ ಗಾಜು. ಮಿಡಿಯ ಬಣ್ಣ ಎದ್ದು ಕಾಣುತ್ತದೆ, ಸೊನೆಯ ಘಮ ಒಳಗೇ ಉಳಿಯುತ್ತದೆ. ತೊಂದರೆ ಇರುವುದು ತೂಕದಲ್ಲಿ. ಖಾಲಿ ಬಾಟಲಿ, ಮುಚ್ಚಳ ಸೇರಿ 280 ಗ್ರಾಂ. ಬಬಲ್ ಶೀಟ್ ಸುತ್ತಿ, ಗಟ್ಟಿ ರಟ್ಟಿನ ಪೆಟ್ಟಿಗೆಗೆ ಹಾಕಿದರೆ ಇನ್ನೂ 250. ಉಪ್ಪಿನಕಾಯಿ ಸೇರಿ ಒಂದು ಕಿಲೋ ದಾಟಿತು. ನಮ್ಮ ಕೊರಿಯರ್‌ನವರು ಅರ್ಧ ಅರ್ಧ ಕಿಲೋಗೆ ದರ ಏರಿಸುತ್ತಾರೆ. ಅಂದರೆ ಒಂದೂವರೆ ಕಿಲೋ ದರ ಕೊಡಬೇಕು. ಅದರ ಮೇಲೆ ಪೆಟ್ಟಿಗೆಯ ಗಾತ್ರವನ್ನೂ ಲೆಕ್ಕ ಹಾಕುತ್ತಾರೆ: ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವ ಕಿಲೋ. ನನ್ನ 18×18×20 ಪೆಟ್ಟಿಗೆಗೆ ಅದು ಸುಮಾರು 1.3. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೇ ಬಿಲ್. ಇನ್ನೊಂದು ವಿಷಯ, ತಗಡಿನ ಮುಚ್ಚಳದ ಒಳಗಿನ ಲೇಪ ಸ್ವಲ್ಪ ಗೀರಿದ್ದರೂ ಉಪ್ಪು, ಹುಳಿ ಸೇರಿ ತುಕ್ಕು ಹಿಡಿಸುತ್ತವೆ. ಮುಚ್ಚಳ ತಿರುಗಿಸಿ ನೋಡಿದರೆ ಕಂದು ಚುಕ್ಕೆ ಕಾಣುತ್ತದೆ.

ಪೌಚ್ ಅಗ್ಗ, ಹಗುರ. ಆದರೆ ಅಪ್ಪೆಮಿಡಿಗೆ ತೊಟ್ಟು ಇರಲೇಬೇಕಲ್ವಾ? ತೊಟ್ಟಿಲ್ಲದ ಮಿಡಿಯನ್ನು ನಮ್ಮೂರಲ್ಲಿ ಯಾರೂ ಮುಟ್ಟುವುದಿಲ್ಲ. ಆ ಒಣಗಿದ ತೊಟ್ಟಿನ ತುದಿ ದಾರಿಯಲ್ಲಿ ಒತ್ತಡಕ್ಕೆ ಸಿಕ್ಕಿ ಪೌಚ್ ಚುಚ್ಚಿತು. ಸೂಜಿಮೊನೆಯಷ್ಟು ತೂತು, ಆದರೂ ಪೆಟ್ಟಿಗೆಯ ತಳವೆಲ್ಲ ಕೆಂಪು. ನನಗೆ ಆಶ್ಚರ್ಯವಾದದ್ದು ಖರ್ಚಿನ ಲೆಕ್ಕ. ಅರ್ಧ ಕಿಲೋ ಉಪ್ಪಿನಕಾಯಿ, 15 ಗ್ರಾಂ ಪೌಚ್, 80 ಗ್ರಾಂ ಪೆಟ್ಟಿಗೆ, ಒಟ್ಟು 595 ಗ್ರಾಂ. ಅರ್ಧ ಕಿಲೋ ದಾಟಿದ್ದರಿಂದ ಒಂದು ಕಿಲೋ ದರ! ಪೌಚ್ ಹಗುರ ಎಂಬ ಲಾಭವೆಲ್ಲ ಅಲ್ಲೇ ಹೋಯಿತು. 400 ಗ್ರಾಂ ದಾಟದಂತೆ ತುಂಬಿದರೆ ಮಾತ್ರ ಕೆಳಗಿನ ದರಕ್ಕೆ ಇಳಿಯುತ್ತದೆ. ಅದಕ್ಕೇ ಈಗ ಪೌಚ್‌ಗೆ ತೊಟ್ಟಿಲ್ಲದ್ದನ್ನೇ ಹಾಕುತ್ತೇನೆ: ನಿಂಬೆ, ಹೆಚ್ಚಿದ ಮಾವಿನಕಾಯಿ.

ಪೆಟ್ ಜಾರ್ ಬಗ್ಗೆ ಮೊದಲು ನನಗೆ ಅಸಡ್ಡೆ ಇತ್ತು. ಪ್ಲಾಸ್ಟಿಕ್ ಅಂದರೆ ಸುಮ್ನೆ ಮುಖ ಸಿಂಡರಿಸುವವನು ನಾನು. ಆದರೆ ಅರ್ಧ ಕಿಲೋ ಮಿಡಿ ತುಂಬಿ ಪೆಟ್ಟಿಗೆಗೆ ಹಾಕಿದರೂ ಒಟ್ಟು 675 ಗ್ರಾಂ. ಪೌಚ್‌ನಷ್ಟೇ ದರ, ಚುಚ್ಚುವ ಭಯವೂ ಇಲ್ಲ. ಉಳಿದ ಚಿಂತೆ ಸೋರುವುದು. ಮುಚ್ಚಳ ಎಷ್ಟೇ ಬಿಗಿ ಮಾಡಿದರೂ ಉಪ್ಪಿನ ರಸ ತಿರುಪಿನ ಸಂದಿಯಲ್ಲಿ ಇಳಿಯುತ್ತದೆ. ಅದನ್ನು ತಡೆಯುವುದು ಮುಚ್ಚಳದೊಳಗಿನ ಅಲ್ಯುಮಿನಿಯಂ ಬಿಲ್ಲೆ. ಜಾರ್ ಮಾರುವವರು ಅದನ್ನು ವ್ಯಾಡ್ ಅನ್ನುತ್ತಾರೆ. ಮುಚ್ಚಳ ಹಾಕಿದ ಮೇಲೆ ಇಂಡಕ್ಷನ್ ಸೀಲರ್ ಹಿಡಿದರೆ ಬಿಲ್ಲೆ ಬಿಸಿಯಾಗಿ, ಅದರ ಕೆಳಗಿನ ಪದರ ಕರಗಿ ಜಾರ್‌ನ ಅಂಚಿಗೆ ಅಂಟುತ್ತದೆ.

ಇಲ್ಲಿ ಎಲ್ಲವೂ ಅಂಚಿನ ಮೇಲೆ ನಿಂತಿದೆ. ಒಂದು ಹನಿ ರಸ, ಒಂದು ಸಾಸಿವೆ ಸಿಪ್ಪೆ ಅಲ್ಲಿ ಕೂತಿದ್ದರೂ ಆ ಜಾಗದಲ್ಲಿ ಬಿಲ್ಲೆ ಅಂಟುವುದಿಲ್ಲ. ಮೇಲಿಂದ ನೋಡಿದರೆ ಗೊತ್ತೂ ಆಗುವುದಿಲ್ಲ. ನನ್ನ ಹೆಂಡತಿ ಅಗಲ ಬಾಯಿಯ ಆಲಿಕೆ ಇಟ್ಟು ತುಂಬಿ, ಒಣಬಟ್ಟೆಯಿಂದ ಅಂಚು ಒರೆಸಿ, ಆಮೇಲೇ ಮುಚ್ಚಳ ಹಾಕುತ್ತಾಳೆ. ಸೀಲ್ ಆದ ಜಾರನ್ನು ಹಳೇ ಪೇಪರ್ ಮೇಲೆ ತಲೆಕೆಳಗಾಗಿ ಒಂದು ರಾತ್ರಿ ಇಡುತ್ತೇವೆ. ಬೆಳಿಗ್ಗೆ ಪೇಪರ್ ಮೇಲೆ ಕಲೆ ಇದ್ದರೆ ಆ ಜಾರ್ ಕೊರಿಯರ್ ಹತ್ತುವುದಿಲ್ಲ.

ಪೆಟ್ ಜಾರ್‌ಗೂ ಮಿತಿ ಇದೆ. ಕುದಿಸಿದ ಉಪ್ಪುನೀರು ಪೂರ್ತಿ ಆರದೆ ಸುರಿದರೆ ಜಾರ್ ಸೊಟ್ಟಗಾಗುತ್ತದೆ. ಪ್ಲಾಸ್ಟಿಕ್‌ನೊಳಗೆ ಗಾಳಿ ಅಷ್ಟಿಷ್ಟು ನುಸುಳುವುದರಿಂದ, ತಿಂಗಳುಗಟ್ಟಲೆ ಇಟ್ಟರೆ ಮೇಲಿನ ಮಿಡಿ ಗಾಜಿನಲ್ಲಿರುವುದಕ್ಕಿಂತ ಬೇಗ ಕಪ್ಪಾಗುತ್ತದೆ. ಹಾಗಾಗಿ ಜಾರ್ ತುಂಬಿ ದಾಸ್ತಾನು ಇಡುವುದಿಲ್ಲ. ಮಾಲು ಭರಣಿಯಲ್ಲೇ ಇರುತ್ತದೆ, ಆರ್ಡರ್ ಬಂದಾಗ ತುಂಬುತ್ತೇವೆ. ಇದರಿಂದ ಇನ್ನೊಂದು ಅನುಕೂಲವೂ ಆಯಿತು. ಹೊಸದಾಗಿ ಮಸಾಲೆ ಬೆರೆಸಿದ ಮಿಡಿ ಇನ್ನೂ ಹುಳಿಯುತ್ತಾ ಗಾಳಿ ಬಿಡುತ್ತಿರುತ್ತದೆ. ಆಗಲೇ ಸೀಲ್ ಮಾಡಿದರೆ ಬಿಲ್ಲೆ ಗುಮ್ಮಟದ ಹಾಗೆ ಉಬ್ಬುತ್ತದೆ, ಪೌಚ್ ಆದರೆ ದಿಂಬಾಗುತ್ತದೆ. ಭರಣಿಯಲ್ಲಿ ಗುಳ್ಳೆ ಏಳುವುದು ನಿಂತ ಮೇಲೆ ತುಂಬಿದರೆ ಆ ತಾಪತ್ರಯ ಇಲ್ಲ.

ಗಾಜು ಈಗ ಅಂಗಡಿಗೆ ಬಂದು ಒಯ್ಯುವವರಿಗೆ. ಮೊನ್ನೆ ಪುಣೆಯಿಂದ ಒಬ್ಬರು ಫೋನ್ ಮಾಡಿ, "ಅಣ್ಣಾ, ನಮಗೆ ಗಾಜಿನ ಬಾಟಲಿಯಲ್ಲೇ ಬೇಕು" ಎಂದರು. ಒಂದೂವರೆ ಕಿಲೋ ದರ ಹೇಳಿದೆ. ಸ್ವಲ್ಪ ಯೋಚಿಸಿ ಎರಡು ಪೆಟ್ ಜಾರ್ ಆರ್ಡರ್ ಮಾಡಿದರು.