ದಿಲ್ಲಿ ರೈಲಿಗೆ ಬುತ್ತಿ: ಚಪಾತಿ, ದಶಮಿ, ಖಡಕ್ ರೊಟ್ಟಿ

ಬೇಸಿಗೆ ರಜೆಯಲ್ಲಿ ಎರಡು ಸಲ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿನಿಂದ ದಿಲ್ಲಿಗೆ ಹೋದೆವು. ನಾವಿಬ್ಬರು, ಇಬ್ಬರು ಮಕ್ಕಳು, ಸ್ಲೀಪರ್ ಬೋಗಿ. ಸಂಜೆ ಹತ್ತಿದರೆ ಇಳಿಯುವುದು ಮೂರನೇ ದಿನ ಬೆಳಿಗ್ಗೆ. ಬುತ್ತಿಗೆ ದಿನದ ಲೆಕ್ಕ ಸಾಲದು, ಹೊತ್ತು ಎಣಿಸಬೇಕು: ಎರಡು ರಾತ್ರಿ ಊಟ, ಒಂದು ಮಧ್ಯಾಹ್ನದ ಊಟ, ಎರಡು ತಿಂಡಿ.

ಮೊದಲ ಸಲ ಒಂದು ಹೊತ್ತು ಬಿಟ್ಟು ಉಳಿದೆಲ್ಲಕ್ಕೂ ಚಪಾತಿಯೇ ಅಂದುಕೊಂಡೆ. ತಲೆಗೆ ಮೂರರಂತೆ ನಾಲ್ಕು ಹೊತ್ತಿಗೆ 48. ಜೊತೆಗೆ ಈರುಳ್ಳಿ ಹಾಕಿದ ಆಲೂಗಡ್ಡೆ ಪಲ್ಯ. ಬಿಸಿ ಇರುವಾಗಲೇ ಫಾಯಿಲ್‌ನಲ್ಲಿ ಸುತ್ತಿದ್ದೇ ತಪ್ಪಾಯಿತು. ಮರುದಿನ ಮಧ್ಯಾಹ್ನ ಬಿಚ್ಚಿದರೆ ಫಾಯಿಲ್ ಒಳಗೆಲ್ಲಾ ನೀರಿನ ಹನಿ. ನಡುವಿನ ಚಪಾತಿಗಳು ಒಂದಕ್ಕೊಂದು ಅಂಟಿದ್ದವು, ಬಿಡಿಸಿದರೆ ಸಣ್ಣಗೆ ನೂಲು ಎಳೆಯುತ್ತಿತ್ತು. ಪಲ್ಯ ಹುಳಿ ವಾಸನೆ. ನೂಲು ಬಂದ ಮೇಲೆ ರುಚಿ ನೋಡುವುದೂ ಬೇಡ. 20ಕ್ಕೂ ಜಾಸ್ತಿ ಚಪಾತಿ ಎಸೆದೆವು, ಹೊಟ್ಟೆ ಉರಿಯಿತು.

ಎರಡನೇ ಸಲ ಮೂರು ಥರ ಮಾಡಿಕೊಂಡೆ. ಮೊದಲ ರಾತ್ರಿಗೆ ಮಾತ್ರ ಚಪಾತಿ: ದೊಡ್ಡವರಿಗೆ 3, ಮಕ್ಕಳಿಗೆ 2, ಒಟ್ಟು 10. ಪಲ್ಯವೂ ಆ ಹೊತ್ತಿಗಷ್ಟೇ. ಮರುದಿನ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ದಶಮಿ. ಉತ್ತರ ಕರ್ನಾಟಕದ ಕಡೆ ಪ್ರಯಾಣದ ಬುತ್ತಿ ಅಂದರೆ ಇದೇ ಅಲ್ವಾ. ಗೋಧಿ ಹಿಟ್ಟಿಗೆ ನೀರು ಮುಟ್ಟಿಸದೆ, ಕಾಯಿಸಿ ಆರಿಸಿದ ಹಾಲು, ಉಪ್ಪು, ಒಂದಿಷ್ಟು ಎಣ್ಣೆ ಹಾಕಿ ಗಟ್ಟಿಯಾಗಿ ಕಲಸಬೇಕು. ಎರಡೂ ಬದಿ ಚೆನ್ನಾಗಿ ಬೇಯಿಸಿ, ಬಟ್ಟೆಯ ಮೇಲೆ ಒಂದೊಂದಾಗಿ ಹರಡಿ, ಪೂರ್ತಿ ಆರಿದ ಮೇಲೆ ಸ್ಟೀಲ್ ಡಬ್ಬಿಗೆ. ಕೂತಲ್ಲೇ ಕೂತರೆ ಹಸಿವು ಕಡಿಮೆ, ಹೊತ್ತಿಗೆ ತಲಾ ಎರಡು ಸಾಕು. 16 ಮಾಡಿದ್ದೆ, ಮಧ್ಯಾಹ್ನವೂ ಕೈಯಲ್ಲಿ ಮುರಿದರೆ ಮೆತ್ತಗೇ ಇತ್ತು. ಬೇಸಿಗೆಯಲ್ಲಿ ಅದನ್ನೂ ರಾತ್ರಿಗೆ ಉಳಿಸಬಾರದು. ಆ ರಾತ್ರಿಗೆ ಜೋಳದ ಖಡಕ್ ರೊಟ್ಟಿ, ತಲಾ ಎರಡು. ತೇವವೇ ಇಲ್ಲದ್ದರಿಂದ ಕೆಡುವ ಮಾತಿಲ್ಲ. ಆದರೆ ಚೀಲದಲ್ಲಿ ಅಡ್ಡಾದಿಡ್ಡಿ ಇಟ್ಟರೆ ಪುಡಿಪುಡಿ, ಚಪ್ಪಟೆ ಡಬ್ಬಿ ಬೇಕು. ಕಿರಿಯವನಿಗೆ ಅಗಿಯಲು ಕಷ್ಟವಾಯಿತು, ಅವನಿಗೆ ಬಾಳೆಹಣ್ಣು ಕೊಟ್ಟೆ.

ನೆಂಚಿಕೊಳ್ಳಲು ಶೇಂಗಾ ಚಟ್ನಿಪುಡಿ, ಕಾಲು ಕಿಲೋ. ಎಣ್ಣೆ ಬೇರೆ ಸಣ್ಣ ಬಾಟಲಿಯಲ್ಲಿ, ತಿನ್ನುವಾಗಲೇ ಕಲಸುವುದು. ಹಸಿ ಕಾಯಿ ಚಟ್ನಿ ಖಂಡಿತ ಬೇಡ.

ಕುರುಕಲಿಗೆ ತಲಾ ನಾಲ್ಕು ಚಕ್ಕುಲಿ, ಎಲ್ಲರಿಗೂ ಸೇರಿ ಅರ್ಧ ಕಿಲೋ ಒಗ್ಗರಣೆ ಅವಲಕ್ಕಿ ಚೂಡಾ. ಕೊನೆಯ ಬೆಳಗಿನ ತಿಂಡಿಯೂ ಅದೇ, ಹಾಗಾಗಿ ಅರ್ಧವನ್ನು ಬೇರೆ ಕಟ್ಟಿ ಇಡಿ. ಇಲ್ಲದಿದ್ದರೆ ಮಕ್ಕಳು ಮೊದಲ ರಾತ್ರಿಯೇ ಮುಗಿಸುತ್ತಾರೆ.

ಹಣ್ಣಲ್ಲಿ ಬಾಳೆಗಿಂತ ಕಿತ್ತಳೆಗೇ ನನ್ನ ಓಟು. ತಲಾ ಎರಡು ಬಾಳೆ, ಸ್ವಲ್ಪ ಹಸಿರಿರುವಾಗಲೇ ತಂದು ಚೀಲದ ಮೇಲ್ಗಡೆ ಇಟ್ಟು ಮೊದಲ ದಿನವೇ ತಿನ್ನಬೇಕು. ಕಿತ್ತಳೆ ತಲಾ ಎರಡು, ಕೆಳಗೆ ಬಿದ್ದಿದ್ದರೂ ದಿಲ್ಲಿ ತನಕ ಗಟ್ಟಿಯಾಗಿಯೇ ಇದ್ದವು.