ಬಡ್ಡಿ ದರ ಹೋಲಿಸುವ ಜಾಲತಾಣಗಳು: ಪಟ್ಟಿಯ ಮೇಲಿನ ತಾರೀಖನ್ನು ನಂಬಬೇಡಿ

ಅಮ್ಮನ ಎಫ್‌ಡಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಾಲ್ಕೈದು ಬ್ಯಾಂಕುಗಳಲ್ಲಿ ಹಣ ಹಂಚಿದೆ. ವರ್ಷದಲ್ಲಿ ಯಾವುದಾದರೂ ಒಂದು ಮುಗಿಯುತ್ತಲೇ ಇರುತ್ತದೆ. ಹಾಗಾಗಿ ಬಡ್ಡಿ ದರ ಹೋಲಿಸಿ ತೋರಿಸುವ ತಾಣಗಳನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ನಮ್ಮ ಮನೆ ಸಾಲವೂ ಇರುವುದರಿಂದ ಸಾಲದ ಪುಟಗಳನ್ನೂ ನೋಡುತ್ತೇನೆ. ಇವುಗಳಲ್ಲಿ ಏನೇನು ಸೌಲಭ್ಯ ಇದೆ ಅಂತ ನಿಮಗೆಲ್ಲ ಗೊತ್ತು. ನನ್ನನ್ನು ಕಾಡಿದ್ದು ದರಗಳು ಎಷ್ಟು ಹಳೆಯವು ಎಂಬುದು.

ಹೆಚ್ಚಿನ ತಾಣಗಳಲ್ಲಿ ಪಟ್ಟಿಯ ಮೇಲೆ ಇವತ್ತಿನದೋ ಈ ವಾರದ್ದೋ ತಾರೀಖು ಇರುತ್ತದೆ. ಅದು ಪುಟವನ್ನು ಯಾರೋ ಮುಟ್ಟಿದ ದಿನ, ಅಷ್ಟೇ. ಒಂದು ಬ್ಯಾಂಕಿನ ದರ ತಿದ್ದಿದರೂ ಇಡೀ ಪುಟಕ್ಕೆ ಹೊಸ ತಾರೀಖು ಬೀಳಬಹುದು. ಉಳಿದ ಬ್ಯಾಂಕುಗಳ ದರ ಮೂರು ತಿಂಗಳ ಹಿಂದಿನದೇ ಇರಬಹುದು.

2025ರಲ್ಲಿ ಇದರ ಪೆಟ್ಟು ಚೆನ್ನಾಗಿ ಗೊತ್ತಾಯಿತು. ಆ ವರ್ಷ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಫೆಬ್ರುವರಿ, ಏಪ್ರಿಲ್, ಜೂನ್, ಡಿಸೆಂಬರ್‌ಗಳಲ್ಲಿ ಇಳಿಸಿತು. 6.50ರಲ್ಲಿ ಇದ್ದದ್ದು 5.25ಕ್ಕೆ ಬಂತು. ಬ್ಯಾಂಕುಗಳು ಅದರ ಹಿಂದೆಯೇ ಎಫ್‌ಡಿ ದರ ಕಡಿಮೆ ಮಾಡುತ್ತಾ ಹೋದವು. ಇಂಥ ಕಾಲದಲ್ಲಿ ಹಳೆಯ ದರ ಅಂದರೆ ಜಾಸ್ತಿ ದರ ಅಂತಲೇ ಅರ್ಥ. ನಾವು ಮಾಡುವುದೇನು? ಪಟ್ಟಿಯನ್ನು ದರದ ಪ್ರಕಾರ ಜೋಡಿಸುತ್ತೇವೆ, ಜಾಸ್ತಿ ಇರುವುದು ಮೊದಲು. ಆಗ ತಿದ್ದದೇ ಬಿಟ್ಟ ಬ್ಯಾಂಕುಗಳೇ ಮೇಲಕ್ಕೆ ಏರಿ ಕೂರುತ್ತವೆ. ದರ ಸರಿಯಾಗಿ ತಿದ್ದಿರುವ ಬ್ಯಾಂಕು ಕೆಳಗೆ ಹೋಗುತ್ತದೆ. ಅಂದರೆ ನಾವು ಮೊದಲು ನೋಡುವ ಸಾಲುಗಳಲ್ಲೇ ತಪ್ಪು ಜಾಸ್ತಿ.

ನಮ್ಮ ಮನೆಯದೇ ಲೆಕ್ಕ ಹೇಳುತ್ತೇನೆ. ಸ್ಟೇಟ್ ಬ್ಯಾಂಕಿನ 444 ದಿನಗಳ ಅಮೃತ್ ವೃಷ್ಟಿ ಠೇವಣಿಗೆ 2024ರ ಜುಲೈನಲ್ಲಿ ಶುರುವಾದಾಗ 7.25 ಇತ್ತು. 2025ರ ಜುಲೈ 15ರಿಂದ ಅದು 6.60 ಆಯಿತು. ಹಿರಿಯ ನಾಗರಿಕರಿಗೆ ಎರಡೂ ಕಾಲದಲ್ಲಿ ಅರ್ಧ ಪರ್ಸೆಂಟ್ ಮೇಲೆ. ಅದಾದ ಎಷ್ಟೋ ದಿನದ ಮೇಲೆ ನಾನು ನೋಡುತ್ತಿದ್ದ ಒಂದು ತಾಣ ಇನ್ನೂ 7.75 ಎಂದೇ ತೋರಿಸುತ್ತಿತ್ತು. ಮೇಲೆ ಮಾತ್ರ ಆ ವಾರದ ತಾರೀಖು. ಅಮ್ಮನ 4 ಲಕ್ಷಕ್ಕೆ 7.75ಕ್ಕೂ 7.10ಕ್ಕೂ ಆಗುವ ವ್ಯತ್ಯಾಸ 444 ದಿನದಲ್ಲಿ 3,000 ರೂಪಾಯಿಗೂ ಜಾಸ್ತಿ. ಬ್ಯಾಂಕಿನ ಪುಟ ತೆರೆದು ನೋಡಿದ್ದರಿಂದ ಸರಿಯಾದ ದರ ಸಿಕ್ಕಿತು. ಆದರೆ ಆ ತಾಣದ ಪಟ್ಟಿ ನೋಡಿ ಬೇರೆ ಬ್ಯಾಂಕನ್ನು ಬೇಡ ಅಂದುಕೊಂಡ ಎಷ್ಟು ಜನ ಇರಬಹುದು, ಅಲ್ವಾ?

ಪಟ್ಟಿ ಹಳೆಯದೋ ಹೊಸದೋ ಎಂದು ತಿಳಿಯಲು ನಾನು ಮೊದಲು ನೋಡುವುದು ದರವನ್ನಲ್ಲ, ತಲೆಬರಹವನ್ನು. 2024ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ದೊಡ್ಡ ಠೇವಣಿಯ ಮಿತಿಯನ್ನು 2 ಕೋಟಿಯಿಂದ 3 ಕೋಟಿಗೆ ಏರಿಸಿತು. ನಮ್ಮಂಥವರಿಗೆ ಸಿಗುವ ದರದ ಮೇಲೆ ಈಗ ‘3 ಕೋಟಿಗಿಂತ ಕಡಿಮೆ’ ಎಂದು ಇರಬೇಕು. ವಾಣಿಜ್ಯ ಬ್ಯಾಂಕಿನ ಸಾಲಿನಲ್ಲಿ ಇನ್ನೂ 2 ಕೋಟಿ ಎಂದಿದ್ದರೆ ಆ ಭಾಗವನ್ನು ಸರಿಯಾಗಿ ಓದಿ ತಿದ್ದಿದವರು ಯಾರೂ ಇಲ್ಲ ಎಂದು ನನಗೆ ಅರ್ಥವಾಗುತ್ತದೆ. ಇನ್ನೊಂದು ಗುರುತು ಸ್ಟೇಟ್ ಬ್ಯಾಂಕಿನ ಅಮೃತ್ ಕಲಶ್ ಠೇವಣಿ. 400 ದಿನಗಳ ಆ ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿಯಿತು. ಅದು ಇನ್ನೂ ಪಟ್ಟಿಯಲ್ಲಿ ಇದ್ದರೆ ಆ ಪುಟ ಮುಚ್ಚಿಬಿಡುತ್ತೇನೆ.

ಇನ್ನು ಮೊದಲ ಸಾಲಿನ ವಿಷಯ. ದರದ ಪ್ರಕಾರ ಜೋಡಿಸುವ ಮೊದಲೇ ಮೇಲೆ ಕೂತಿರುವ ಎರಡು ಮೂರು ಹೆಸರುಗಳು ಯಾಕೆ ಅಲ್ಲಿವೆ ಎಂದು ಹುಡುಕಿದೆ. ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ‘ನಮ್ಮ ಪಾಲುದಾರರು’ ಅಂತ ಇರುತ್ತದೆ. ಪಕ್ಕದಲ್ಲಿ ‘ಈಗಲೇ ಹೂಡಿ’ ಎಂಬ ಬಟನ್ ಇರುವ ಹೆಸರುಗಳನ್ನು ಗಮನಿಸಿ. ಬಟನ್ ಇಲ್ಲದ ಬ್ಯಾಂಕುಗಳ ದರ ತಿದ್ದುವುದರಲ್ಲಿ ತಾಣಕ್ಕೆ ಏನೂ ಲಾಭವಿಲ್ಲ. ನಾನು ನೋಡಿದ ಹಾಗೆ ಅವೇ ಹೆಚ್ಚು ಹಳೆಯದಾಗಿ ಉಳಿಯುತ್ತವೆ. ಹಣಕಾಸು ಕಂಪನಿಗಳ ಠೇವಣಿಯಾದರೆ ದಲ್ಲಾಳಿಗೆ ಠೇವಣಿಯ ಶೇಕಡಾ 2ರವರೆಗೆ ಕಮಿಷನ್ ಕೊಡಲು ರಿಸರ್ವ್ ಬ್ಯಾಂಕಿನ ನಿಯಮವೇ ಅವಕಾಶ ಕೊಟ್ಟಿದೆ. ಅದು ತಪ್ಪಲ್ಲ. ಆದರೆ ಅಂಥ ಕಂಪನಿಯನ್ನು ಬ್ಯಾಂಕುಗಳ ಪಟ್ಟಿಯಲ್ಲೇ ಬೆರೆಸಿ ತೋರಿಸುವುದು ತಪ್ಪು. ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ಕಂಪನಿಯ ಠೇವಣಿಗೆ ಆ ವಿಮೆ ಇಲ್ಲ. ಅಮ್ಮನ ಹಣಕ್ಕೆ ನನಗೆ ಇದೇ ಮುಖ್ಯ.

ಮೇಲಿನ ಸಾಲಿನಲ್ಲಿ ಇನ್ನೊಂದು ಆಟವೂ ನಡೆಯುತ್ತದೆ. ದರದ ಜಾಗದಲ್ಲಿ ‘ವಾರ್ಷಿಕ ಗಳಿಕೆ’ ಹಾಕುತ್ತಾರೆ. 8 ಪರ್ಸೆಂಟ್‌ನ ಐದು ವರ್ಷದ ಠೇವಣಿ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರಿ 1 ಲಕ್ಷಕ್ಕೆ ಒಟ್ಟು 48,595 ರೂಪಾಯಿ ಬಡ್ಡಿ ತರುತ್ತದೆ. ಅದನ್ನು ಐದರಿಂದ ಭಾಗಿಸಿದರೆ ವರ್ಷಕ್ಕೆ 9,719, ಅಂದರೆ 9.72 ಪರ್ಸೆಂಟ್. ಈ 9.72 ಮೇಲೆ ದೊಡ್ಡದಾಗಿ, ಕೆಳಗಿನ ಬ್ಯಾಂಕಿನ 7.5 ಬರೀ ದರವಾಗಿ! ಎರಡನ್ನೂ ಒಂದೇ ಕಾಲಮಿನಲ್ಲಿ ಇಡುವುದು ಹೋಲಿಕೆಯೇ ಅಲ್ಲ.

ಇಷ್ಟು ಬೈದಮೇಲೆ ಸಾಲದ ಭಾಗದ ಬಗ್ಗೆ ಒಳ್ಳೆಯ ಮಾತು ಹೇಳಲೇಬೇಕು. ಅಲ್ಲಿ ನಿಜವಾಗಿ ಸುಧಾರಣೆ ಆಗಿದೆ. ಆನ್‌ಲೈನ್ ಸಾಲಕ್ಕೆ ರಿಸರ್ವ್ ಬ್ಯಾಂಕ್ 2025ರ ಮೇ ತಿಂಗಳಲ್ಲಿ ಹೊಸ ನಿರ್ದೇಶನ ತಂದಿತು. ಹಲವು ಸಾಲದಾತರ ಜೊತೆ ಕೆಲಸ ಮಾಡುವ ತಾಣ, ನಮಗೆ ಹೊಂದುವ ಎಲ್ಲ ಕೊಡುಗೆಗಳನ್ನೂ ತೋರಿಸಬೇಕು. ಸಾಲದಾತರ ಹೆಸರು, ಮೊತ್ತ, ಅವಧಿ, ತಿಂಗಳ ಕಂತು, ಶುಲ್ಕಗಳೆಲ್ಲ ಸೇರಿದ ವಾರ್ಷಿಕ ದರ ಕಾಣಬೇಕು. ಒಬ್ಬರದನ್ನು ಮುಂದೆ ತಳ್ಳುವಂತಿಲ್ಲ. ಜೋಡಿಸುವುದಾದರೆ ಎಲ್ಲರಿಗೂ ತಿಳಿಸಿದ ಅಳತೆಯಿಂದಲೇ ಜೋಡಿಸಬೇಕು. ಈ ಭಾಗ 2025ರ ನವೆಂಬರ್ 1ರಿಂದ ಜಾರಿಗೆ ಬಂತು.

ಹೀಗಿದ್ದರೂ ಸಾಲದ ಮೊದಲ ಪುಟದಲ್ಲಿ ಕಾಣುವ ‘ಇಷ್ಟರಿಂದ ಶುರು’ ಎಂಬ ದರವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ತುಂಬಾ ಒಳ್ಳೆಯ ಕ್ರೆಡಿಟ್ ಸ್ಕೋರ್ ಇರುವವರಿಗೆ ಸಿಗುವ ದರ. ಮೊಬೈಲ್ ನಂಬರ್ ಕೊಡುವ ತನಕ ನಮ್ಮ ದರ ಕಾಣುವುದೇ ಇಲ್ಲ. ಕೊಟ್ಟ ಮೇಲೆ ಏಜೆಂಟರ ಫೋನ್ ಶುರು. ನನ್ನ ಹಳೆಯ ನಂಬರಿಗೆ ಇನ್ನೂ ಬರುತ್ತಿವೆ. ಬೇಸರದ ವಿಷಯ ಇನ್ನೊಂದಿದೆ. ಈ ನಿಯಮ ಸಾಲಕ್ಕೆ ಮಾತ್ರ, ಎಫ್‌ಡಿ ಪಟ್ಟಿಗೆ ಅನ್ವಯಿಸುವುದಿಲ್ಲ. ಸಾಲ ಮಾಡುವವರಿಗೆ ಸಿಕ್ಕ ರಕ್ಷಣೆ ಉಳಿತಾಯ ಮಾಡುವ ಹಿರಿಯರಿಗೆ ಇನ್ನೂ ಸಿಕ್ಕಿಲ್ಲ.

ಹಾಗಂತ ಬಿಟ್ಟಿಲ್ಲ. ಸಣ್ಣ ಬ್ಯಾಂಕುಗಳ ಹೆಸರೂ ಯಾವ ಅವಧಿಗೆ ದರ ಜಾಸ್ತಿ ಎಂಬುದೂ ಒಂದೇ ಕಡೆ ಸಿಗುವ ಜಾಗ ಬೇರೆ ಇಲ್ಲ. ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಅಮ್ಮನ ಜೊತೆ ಕೂತು ಪಟ್ಟಿಯಿಂದ ಮೂರು ಹೆಸರು ಆರಿಸುತ್ತೇನೆ. ಆಮೇಲೆ ಆ ಮೂರು ಬ್ಯಾಂಕುಗಳ ಸ್ವಂತ ಪುಟ ತೆರೆದು, ದರದ ಪಕ್ಕ ಇರುವ ‘ಈ ದಿನದಿಂದ ಜಾರಿ’ ಎಂಬ ತಾರೀಖನ್ನು ಓದಿ ಹೇಳುತ್ತೇನೆ. ಅಮ್ಮ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. ಕೇಳುವ ಮೊದಲ ಪ್ರಶ್ನೆ ‘ಇದಕ್ಕೆ ವಿಮೆ ಇದೆಯಾ?’

ಪ್ರತಿ ಬ್ಯಾಂಕಿನ ಸಾಲಿಗೂ ಜಾರಿ ತಾರೀಖು ಹಾಕಿ, ದುಡ್ಡು ಕೊಟ್ಟವರ ಪಕ್ಕ ‘ಜಾಹೀರಾತು’ ಎಂದು ಬರೆದರೆ ಎಫ್‌ಡಿ ಪುಟಗಳಿಗೆ ನಾಲ್ಕು ಸ್ಟಾರ್ ಕೊಡುತ್ತೇನೆ. ಸದ್ಯಕ್ಕೆ ಎರಡು. ಸಾಲದ ಪುಟಗಳಿಗೆ ಮೂರೂವರೆ.